ಮಾರಿದ ಕಲ್ಲಿಗೆ ಹಿಂದಿನ ತೆರಿಗೆ



ಖನಿಜ ತೆರಿಗೆ ರಾಜ್ಯಗಳ ಹಕ್ಕು ಎಂದು 2024ರ ಜುಲೈ 25ರಂದು ತೀರ್ಪಿತ್ತ ಸುಪ್ರೀಂ ಕೋರ್ಟ್, ಆಗಸ್ಟ್ 14ರಂದು 2005ರ ಏಪ್ರಿಲ್ 1ರಿಂದೀಚಿನ ಬಾಕಿ ವಸೂಲಿಗೂ ಒಪ್ಪಿತು.

ಗಣಿಯವರ ತಕರಾರು ಸುಲಭವಾಗಿ ಅರ್ಥವಾಗುವಂಥದ್ದು. ತಮಿಳುನಾಡಿನ ಕೃಷ್ಣಗಿರಿಯ ಗ್ರಾನೈಟ್ ವ್ಯಾಪಾರಿ ಅಂದಿನ ತೆರಿಗೆ ಲೆಕ್ಕಹಾಕಿ ದರ ಹೇಳಿರುತ್ತಾನೆ. ಕಲ್ಲು ಯಾರದೋ ಮನೆಯ ನೆಲವಾದ ಮೇಲೆ ಹೆಚ್ಚಿನ ಹಣವನ್ನು ಯಾರಲ್ಲಿ ಕೇಳಬೇಕು?

ರಾಜ್ಯಗಳ ವಾದವೂ ಪೊಳ್ಳಲ್ಲ: ಹಕ್ಕು ಮೊದಲಿನಿಂದಲೂ ಇತ್ತು, 1989ರ ಇಂಡಿಯಾ ಸಿಮೆಂಟ್ಸ್ ತೀರ್ಪು ಅದನ್ನು ತಡೆದಿತ್ತು. ಅದೂ ತಮಿಳುನಾಡಿನದೇ ಪ್ರಕರಣ! ಆಗ ರಾಜ್ಯದ ಸೆಸ್ ಅಸಿಂಧುವಾದರೂ ವಸೂಲಾದ ಹಣ ಹಿಂದಿರುಗಿಸಬೇಕಿರಲಿಲ್ಲ.

ಕೋರ್ಟ್ ಹಳೆಯ ಬಾಕಿಯ ಬಡ್ಡಿ, ದಂಡ ಮನ್ನಾ ಮಾಡಿ, 2026ರ ಏಪ್ರಿಲ್‌ನಿಂದ 12 ವರ್ಷಗಳ ಕಂತು ಕೊಟ್ಟಿದ್ದರಿಂದ ಹೊರೆ ಹಗುರಾಯಿತು, ಇಳಿಯಲಿಲ್ಲ. ತಮಿಳುನಾಡು ತನ್ನ ಹೊಸ ಖನಿಜ ಭೂಮಿ ತೆರಿಗೆಯನ್ನು 2025ರ ಏಪ್ರಿಲ್ 4ರಿಂದ ಮುಂದಕ್ಕಷ್ಟೇ ಜಾರಿಗೊಳಿಸಿದ್ದು ಸರಿಯಾಗಿದೆ.

— ಓದುಗ, ಜೂಜುವಾಡಿ