ಮೂಗಿಗೆ ಹಿಡಿಸದ್ದೆಲ್ಲ ಹೊಲಸಲ್ಲ

ಕಳೆದ ಮಳೆಗಾಲದಲ್ಲಿ ಇಟಗಿಯ ಒಂದು ಮನೆಯ ಅತ್ತೆ-ಸೊಸೆ ನನ್ನ ದವಾಖಾನೆಗೆ ಬಂದಿದ್ದರು. ಸೊಸೆ ಭಟ್ಕಳದ ಕಡೆಯವಳು. ತವರಿನಿಂದ ತಂದ ಒಣಮೀನು ಹುರಿದಿದ್ದಳು. "ಆ ವಾಸನಿಗೆ ನನಗ ವಾಂತಿನ ಬಂತ್ರಿ. ಇಂಥಾದ್ದು ತಿಂದ್ರ ಮಕ್ಕಳಿಗೆ ರೋಗ ಬರೂದಿಲ್ಲೇನ್ರಿ?" ಎಂದರು ಅತ್ತೆ. ಸೊಸೆ ಮೆಲ್ಲಗೆ ಹೇಳಿದಳು: "ಬಕ್ರೀದಿಗೆ ಇವರು ಬೋಟಿ ಬೇಯಿಸುವಾಗ ನನಗೂ ಹಾಗೇ ಆಗುತ್ತದೆ. ಆದರೆ ನಾನು ಹೇಳಿಲ್ಲ."

ಇಬ್ಬರ ಓಕರಿಕೆಯೂ ನಿಜ. ಆದರೆ ಅದು ಹುಟ್ಟಿನಿಂದ ಬಂದದ್ದಲ್ಲ. ಎಳೆಗೂಸು ತನ್ನ ಮಲವನ್ನೂ ಮುಟ್ಟಿ ಆಡುತ್ತದೆ. 'ಛೀ' ಎನ್ನುವುದನ್ನು ನಾವು ಕಲಿಸುತ್ತೇವೆ. ರುಚಿಯ ಪಾಠವಂತೂ ಇನ್ನೂ ಮೊದಲೇ ಶುರು. ತಾಯಿ ತಿಂದ ಬೆಳ್ಳುಳ್ಳಿಯ ವಾಸನೆ ಗರ್ಭದ ನೀರಿಗೂ ಎದೆಹಾಲಿಗೂ ಇಳಿಯುತ್ತದೆ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಆ ದಿನಗಳಲ್ಲಿ ಗಂಜಿಗೆ ಒಣಮೀನೇ ಜೊತೆ. ಸೊಸೆಯ ಮೂಗಿಗೆ ಅದು ಅಮ್ಮನ ಅಡುಗೆಮನೆಯ ವಾಸನೆ.

ವಾಸನೆಗೆ ನಾವಿಡುವ ಹೆಸರೂ ಕೆಲಸ ಮಾಡುತ್ತದೆ. 2005ರಲ್ಲಿ ಆಕ್ಸ್‌ಫರ್ಡ್‌ನ ಸಂಶೋಧಕರು ಒಂದೇ ವಾಸನೆಯನ್ನು ಒಮ್ಮೆ 'ಚೀಸ್' ಎಂದು, ಒಮ್ಮೆ 'ಮೈನಾತ' ಎಂದು ಹೇಳಿ ಮೂಸಲು ಕೊಟ್ಟರು. ಚೀಸ್ ಎಂದಾಗ ಅದೇ ವಾಸನೆ ಜನರಿಗೆ ಹೆಚ್ಚು ಹಿತವೆನಿಸಿತು.

ನಮಗೆ ಇದಕ್ಕೆ ಹಳೆಯ ಮಾದರಿಯೊಂದಿದೆ. ಪ್ರವಾದಿಯವರ(ಸ) ಮುಂದೆ ಒಮ್ಮೆ ಮರುಭೂಮಿಯ ಮುಳ್ಳುಬಾಲದ ಹಲ್ಲಿಯ ಸುಟ್ಟ ಮಾಂಸ ಬಂತು. ಅವರು ಕೈ ಹಿಂದೆಗೆದರು. ಇದು ಹರಾಮೇ ಎಂದು ಖಾಲಿದ್ ಬಿನ್ ವಲೀದ್(ರ) ಕೇಳಿದಾಗ, ಅಲ್ಲ, ನನ್ನ ಜನರ ನಾಡಿನಲ್ಲಿ ಇದಿಲ್ಲ, ಹಾಗಾಗಿ ಮನಸ್ಸು ಒಪ್ಪುತ್ತಿಲ್ಲ ಎಂಬರ್ಥದ ಉತ್ತರ ಕೊಟ್ಟರು. ಖಾಲಿದ್ ಅವರೆದುರೇ ತಿಂದರು. ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಈ ಹದೀಸ್ ಇದೆ. ತನಗೆ ಒಗ್ಗದ್ದನ್ನು ಬಿಟ್ಟರು, ಹೊಲಸೆನ್ನಲಿಲ್ಲ, ತಿನ್ನುವವರನ್ನು ತಡೆಯಲಿಲ್ಲ.

ಹಾಗೆಂದು ಎಲ್ಲ ಒಣಮೀನೂ ಒಳ್ಳೆಯದಲ್ಲ. ಚೆನ್ನಾಗಿ ಒಣಗಿದ ಮೀನು ಗಟ್ಟಿಯಾಗಿರುತ್ತದೆ; ಅದರ ವಾಸನೆ ಕಡಲಮೀನಿನಲ್ಲಿರುವ ಒಂದು ಪದಾರ್ಥ ಒಡೆದು ಬರುವಂಥದ್ದು, ಅಷ್ಟರಿಂದಲೇ ರೋಗ ಬರದು. ಆದರೆ ಮೀನು ಮೆತ್ತಗೆ, ತೇವವಾಗಿದ್ದರೆ, ಮೇಲೆ ಗುಲಾಬಿ ಬಣ್ಣದ ಕಲೆ, ಬೂಸ್ಟು ಅಥವಾ ಹುಳ ಕಂಡರೆ, ಮೂತ್ರದಂತೆ ಕಣ್ಣಿಗೆ ಚುಚ್ಚುವ ನಾತ ಬಂದರೆ ಎಸೆಯಿರಿ. ತಿಂದ ಕೆಲವೇ ಹೊತ್ತಿನಲ್ಲಿ ಮುಖ ಕೆಂಪಾಗಿ ಮೈ ತುರಿಸಿದರೆ, ಒಣಗಿಸುವ ಮೊದಲೇ ಮೀನು ಕೆಟ್ಟಿದ್ದಿರಬಹುದು; ಆ ವಿಷ ಹುರಿದರೂ ಹೋಗದು. ಕೂಡಲೇ ವೈದ್ಯರಿಗೆ ತೋರಿಸಿ. ರಕ್ತದೊತ್ತಡ ಇರುವವರು ಇದರಿಂದ ದೂರವಿರುವುದೇ ಲೇಸು, ಉಪ್ಪು ಬಹಳ.

ಅತ್ತೆ ಒಣಮೀನು ತಿನ್ನಬೇಕಿಲ್ಲ, ಸೊಸೆ ಬೋಟಿ ತಿನ್ನಬೇಕಿಲ್ಲ. ಹಸಿ ಉಳ್ಳಾಗಡ್ಡಿ, ಬೆಳ್ಳುಳ್ಳಿ ತಿಂದು ಮಸೀದಿಗೆ ಬರಬೇಡಿ ಎಂದು ಕಲಿಸಿದ ದೀನ್ ನಮ್ಮದು. ಅದೇ ಅದಬಿನಿಂದ ಸೊಸೆ ಹಿತ್ತಲಲ್ಲಿ ಮೀನು ಹುರಿಯಲಿ. ಅತ್ತೆಯೂ ಮಕ್ಕಳೆದುರು ಮೂಗು ಮುಚ್ಚಿ 'ಛೀ' ಅನ್ನದಿರಲಿ. ಮಕ್ಕಳು ಆ 'ಛೀ'ಯನ್ನು ಮೀನಿನ ಮೇಲಷ್ಟೇ ಅಲ್ಲ, ತಮ್ಮ ತಾಯಿಯ ತವರಿನ ಮೇಲೂ ಕಲಿಯುತ್ತಾರೆ.