ಐದು ಸಾವಿರದ ಪಿಂಚಣಿ, ಇಪ್ಪತ್ತು ಸಾವಿರದ ಮನೆ

ಈ ವಾರ ಚನ್ನರಾಯಪಟ್ಟಣದಲ್ಲಿ ನಮ್ಮ ಟೈಲರ್ ಅಟಲ್ ಪಿಂಚಣಿಯ ಚೀಟಿ ತೋರಿಸಿದರು. ವಯಸ್ಸು 35, ತಿಂಗಳಿಗೆ 902 ರೂಪಾಯಿ ಕಟ್ಟಿದರೆ 60ರ ನಂತರ ತಿಂಗಳಿಗೆ 5,000. "ಸಾಕಲ್ವಾ ಸಾರ್?" ಅಂದರು. ಬಟ್ಟೆ ಗುರುತು ಹಾಕುವ ಸೀಮೆಸುಣ್ಣದಲ್ಲೇ ಮೇಜಿನ ಮೇಲೆ ಲೆಕ್ಕ ಹಾಕಿದೆವು. ಬೆಲೆಗಳು ವರ್ಷಕ್ಕೆ ನೂರಕ್ಕೆ 6ರಂತೆ ಏರಿದರೆ ಆ 5,000ಕ್ಕೆ ಇವತ್ತಿನ 1,165 ರೂಪಾಯಿಯ ಬೆಲೆಯಷ್ಟೇ. ಇವತ್ತು 20,000ದಲ್ಲಿ ನಡೆಯುವ ಅವರ ಮನೆಗೆ ಅಂದು 86,000 ಬೇಕು. ನಿವೃತ್ತಿಯ ನಂತರ ಗಂಟಿನ ಬಡ್ಡಿ ಬೆಲೆಯೇರಿಕೆಗೆ ಮಾತ್ರ ಸರಿಹೋಗುತ್ತದೆ ಎಂದುಕೊಂಡರೆ 85ರವರೆಗಿನ 300 ತಿಂಗಳಿಗೆ 2.58 ಕೋಟಿ. ನೂರಕ್ಕೆ 10ರ ಗಳಿಕೆ ಸಿಕ್ಕರೂ ಅದಕ್ಕೆ ಈಗಿನಿಂದ ತಿಂಗಳಿಗೆ ಸುಮಾರು 19,400 ಉಳಿಸಬೇಕು. ಅವರ ಮುಖ ಬಾಡಿತು, ನನಗೂ ಸಂಕಟವಾಯಿತು. ಆದರೆ ಉಳಿತಾಯವನ್ನೂ ವರ್ಷವರ್ಷ ನೂರಕ್ಕೆ 6ರಂತೆ ಏರಿಸುತ್ತ ಹೋದರೆ 11,800ರಿಂದಲೇ ಶುರುಮಾಡಬಹುದು. ಶುರುಮಾಡಲು ತಡಮಾಡುವಂತಿಲ್ಲ, ಅಷ್ಟೇ. ಇಲ್ಲಿನ ತೆಂಗಿನ ತೋಟದವರಿಗೆ ಇದು ಹೊಸದಲ್ಲ: ತಡವಾಗಿ ನೆಟ್ಟ ಸಸಿಗೆ ಎಷ್ಟು ಗೊಬ್ಬರ ಸುರಿದರೂ ಹೋದ ಹತ್ತು ವರ್ಷದ ಫಸಲು ಬಾರದು. ಅದೇ ಗಂಟನ್ನು 45ಕ್ಕೆ ಶುರುಮಾಡಿ ಕಟ್ಟಲು ಹೊರಟರೆ ತಿಂಗಳಿಗೆ 62,000 ಬೇಕು. 902ನ್ನು ನಿಲ್ಲಿಸಬೇಡಿ, ಅದರ ಪಕ್ಕದಲ್ಲಿ ಇನ್ನೊಂದು ಖಾತೆ ತೆರೆಯಿರಿ ಅಂದೆ.