ಬರಹ ಉಳಿದು ಸಂವಾದ ಅಳಿಯದಿರಲಿ

ಬರಹವೊಂದು ಪ್ರಕಟವಾದೊಡನೆ ಅದರ ಪ್ರತಿ ಬೇರೊಂದು ಕಂಪ್ಯೂಟರಿಗೆ ತಾನಾಗಿಯೇ ಸೇರುವ ಏರ್ಪಾಡನ್ನು ಹಲವರು ಮಾಡಿಕೊಂಡಿರುತ್ತಾರೆ. ಆದರೆ ಪ್ರಕಟಣೆಯ ಕ್ಷಣದಲ್ಲಿ ಆ ಬರಹಕ್ಕೆ ಒಂದು ಪ್ರತಿಕ್ರಿಯೆಯೂ ಬಂದಿರುವುದಿಲ್ಲ. ಓದುಗರ ಪ್ರಶ್ನೆ, ತಿದ್ದುಪಡಿ, ಪಾಠಾಂತರದ ಸೂಚನೆಗಳು ಬರುವುದು ಆಮೇಲೆ. ಆದ್ದರಿಂದ ಬರಹಕ್ಕೊಂದು, ಪ್ರತಿಕ್ರಿಯೆಗಳಿಗೆ ಮತ್ತೊಂದು ಸಂಗ್ರಹಕ್ರಮ ಬೇಕೆಂಬುದೇ ಸರಿಯಾದ ನಿಲುವು.

ಇವೆರಡರ ನೆಲೆ ಬೇರೆಯಾಗಿರಬಹುದೆಂಬುದಕ್ಕೆ 2019ರ ನಿದರ್ಶನವಿದೆ. ಬ್ಲಾಗರ್ ತಾಣದ ಕೆಲವರು ಪ್ರತಿಕ್ರಿಯೆಗಳಿಗೆ ಗೂಗಲ್ ಪ್ಲಸ್ ವ್ಯವಸ್ಥೆಯನ್ನು ಅಳವಡಿಸಿಕೊಂಡಿದ್ದರು. ಆ ವರ್ಷ ಗೂಗಲ್ ಪ್ಲಸ್ ಮುಚ್ಚಿದಾಗ ಬರಹಗಳು ಇದ್ದಲ್ಲಿಯೇ ಇದ್ದವು. ಅವುಗಳ ಕೆಳಗಿನ ಸಂವಾದ ಮಾತ್ರ ಅಳಿದುಹೋಯಿತು.

ವರ್ಡ್‌ಪ್ರೆಸ್ ತಾಣವೊಂದನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅದರಲ್ಲಿ 1,350 ಪ್ರತಿಕ್ರಿಯೆಗಳಿವೆ ಎನ್ನೋಣ. ಅವನ್ನು ಕೇಳುವ ವಿಳಾಸ ಇದು:

```
/wp-json/wp/v2/comments?per_page=100&page=1
```

ಒಮ್ಮೆಗೆ ನೂರಕ್ಕಿಂತ ಹೆಚ್ಚು ಸಿಗುವುದಿಲ್ಲ. ಹಾಗಾಗಿ `page` ಸಂಖ್ಯೆಯನ್ನು 14ರವರೆಗೆ ಏರಿಸಬೇಕು. ಪ್ರತಿಯೊಂದಕ್ಕೂ ತನ್ನದೇ ಆದ `id` ಇರುತ್ತದೆ. ಅದು ಯಾವ ಬರಹಕ್ಕೆ ಸೇರಿದ್ದೆಂಬುದನ್ನು `post`, ಯಾವ ಪ್ರತಿಕ್ರಿಯೆಗೆ ಉತ್ತರವೆಂಬುದನ್ನು `parent` ಹೇಳುತ್ತದೆ. ಈ ಮೂರನ್ನೂ ಉಳಿಸಿಕೊಳ್ಳದಿದ್ದರೆ ಉತ್ತರ ಯಾರಿಗೆ ಎಂಬುದೇ ತಿಳಿಯದಂತಾಗುತ್ತದೆ.

ಮೊದಲ ಸಂಗ್ರಹದ ನಂತರ ಪ್ರತಿರಾತ್ರಿ ಹೊಸದನ್ನಷ್ಟೇ ತರಿಸಿದರೆ ಸಾಕೆಂದು ತೋರುವುದು ಸಹಜ. ತಪ್ಪುವುದು ಇಲ್ಲಿಯೇ. ಓದುಗರೊಬ್ಬರು ಸೋಮವಾರ ಬರೆದುದಕ್ಕೆ ಸಂಪಾದಕರು ಗುರುವಾರ ಒಪ್ಪಿಗೆ ಕೊಟ್ಟರೆನ್ನಿ. ಅದು ಗುರುವಾರ ಕಾಣಿಸಿಕೊಂಡರೂ ಹೊತ್ತಿರುವುದು ಸೋಮವಾರದ ದಿನಾಂಕವನ್ನೇ. ಬುಧವಾರ ರಾತ್ರಿಯಿಂದೀಚಿನದನ್ನು ಮಾತ್ರ ಕೇಳುವ ಯಂತ್ರಕ್ಕೆ ಅದು ಎಂದೂ ಸಿಗದು. ದೋಷದ ಸೂಚನೆಯೂ ಬಾರದು.

ಪರಿಹಾರ ಸರಳ. ಪ್ರತಿರಾತ್ರಿ ಹಿಂದಿನ ಮೂವತ್ತು ದಿನಗಳದನ್ನು ಮತ್ತೆ ತರಿಸಿ, `id` ನೋಡಿ ಇಲ್ಲದಿರುವುದನ್ನು ಸೇರಿಸಬೇಕು. ಪ್ರತಿಕ್ರಿಯೆಯನ್ನು ತಿದ್ದಿದ ದಿನಾಂಕ ಪ್ರತ್ಯೇಕವಾಗಿ ದಾಖಲಾಗದ ಕಾರಣ, ತಿಂಗಳಿಗೊಮ್ಮೆ ಎಲ್ಲವನ್ನೂ ಮೊದಲಿನಿಂದ ತರಿಸುವುದು ಲೇಸು. ಹಾಗೆ ತರಿಸಿದಾಗ ತಾಣವು `X-WP-Total` ಎಂಬ ಹೆಸರಿನಲ್ಲಿ ಕಳಿಸುವ ಒಟ್ಟು ಸಂಖ್ಯೆಯನ್ನು ಕೈಗೆ ಬಂದ ಸಂಖ್ಯೆಯೊಡನೆ ಹೋಲಿಸಬೇಕು. ತಾಣ 1,362 ಎಂದು ಹೇಳಿ, ಬಂದದ್ದು 1,300 ಆಗಿದ್ದರೆ ಕೊನೆಯ ಪುಟ ತಪ್ಪಿದೆ ಎಂದು ತಿಳಿಯಬಹುದು.

ತಾಣದಲ್ಲಿ ಅಳಿಸಿದ ಮಾತನ್ನು ಸಂಗ್ರಹದಲ್ಲಿಯೂ ಅಳಿಸಬೇಕೆ? ಯಂತ್ರ ತಾನಾಗಿ ಅಳಿಸಕೂಡದು. ಆಕಸ್ಮಿಕವಾಗಿ ಅಳಿದುದೂ ಹಾಗೆಯೇ ಕಾಣುತ್ತದೆ. ಆದರೆ ಬರೆದವರೇ ತಮ್ಮ ಮಾತನ್ನು ತೆಗೆಯಿರೆಂದು ಕೇಳಿಕೊಂಡಾಗ, ಪ್ರತಿಯಿಂದಲೂ ಅದನ್ನು ತೆಗೆಯುವುದು ಸಂಪಾದಕರ ಕರ್ತವ್ಯ.